ಮಲೆನಾಡಿನ ಮನೆಗೆ ರೇನ್ ಶವರ್: ಆರು ತಿಂಗಳು ಬಳಸಿದ ಮೇಲೆ

ಪುಷ್ಯದ ಚಳಿಯಲ್ಲಿ ಹಾಕಿಸಿದ್ದು, ಈಗ ಆರಿದ್ರಾ ಮಳೆ ಹೊಯ್ಯುತ್ತಿದೆ. 8 ಇಂಚಿನ ಚೌಕದ ಶವರ್, ಜೊತೆಗೊಂದು ಹ್ಯಾಂಡ್ ಶವರ್, ಎರಡಕ್ಕೂ ನೀರು ತಿರುಗಿಸಲು ಡೈವರ್ಟರ್ ಇರುವ ಸೆಟ್ಟು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ದಿನಾ ಬಳಸುತ್ತಿದ್ದೇವೆ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಅಂಗಡಿಯಲ್ಲಿ ಸುರಿದ ಹಾಗೆ ಮನೆಯಲ್ಲಿ ಸುರಿಯುವುದಿಲ್ಲ. ಅಲ್ಲಿ ಪಂಪ್ ಇರುತ್ತದೆ, ನಮ್ಮಲ್ಲಿ ತಾರಸಿಯ ಟ್ಯಾಂಕ್ ಮಾತ್ರ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕಿನ ನೀರು ಶವರ್‌ಗಿಂತ 3 ಮೀಟರ್ ಮೇಲಿದೆ, ಅಂದರೆ ಹೆಚ್ಚೆಂದರೆ 0.3 ಬಾರ್. ಮೊದಲ ವಾರ ನಡುವಿನ ತೂತುಗಳಿಂದಷ್ಟೇ ನೀರು ಬಂತು. ಅಂಚಿನದ್ದು ಶವರ್‌ನ ಅಡಿಗೇ ಅಂಟಿಕೊಂಡು ಒಂದು ಮೂಲೆಯಿಂದ ದಾರದ ಹಾಗೆ ಇಳಿಯುತ್ತಿತ್ತು. ಪ್ಲಂಬರ್ ಶವರ್ ಬಿಚ್ಚಿ, ನೀರು ಒಳಬರುವ ಬಾಯಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ತೆಗೆದ. ನೀರು ಉಳಿಸಲೆಂದು ಹಾಕಿರುವುದು ಅದು. ಆಮೇಲೆ ಮಟ್ಟಗೋಲಿಟ್ಟು ಶವರ್ ಸಮ ಮಾಡಿದ. ಈಗ ಬಕೆಟ್ ಇಟ್ಟು ನೋಡಿದರೆ ನಿಮಿಷಕ್ಕೆ ಸುಮಾರು 8 ಲೀಟರ್. ಸ್ನಾನಕ್ಕೆ ಧಾರಾಳ ಸಾಕು, ಜಾಹೀರಾತಿನ ಮಳೆ ಮಾತ್ರ ಅಲ್ಲ. ಪಂಪ್ ಹಾಕಿಸುವವರು ಬಿಸಿ, ತಣ್ಣೀರು ಲೈನು ಬೇರೆಯಾಗುವ ಮೊದಲೇ, ಟ್ಯಾಂಕಿನ ಬುಡದಲ್ಲಿ ಹಾಕಿಸಿ. ತಣ್ಣೀರಿಗೆ ಮಾತ್ರ ಹಾಕಿದರೆ ಆ ಒತ್ತಡಕ್ಕೆ ಬಿಸಿನೀರು ಬರುವುದೇ ಇಲ್ಲ. ಗೀಸರ್ ಎಷ್ಟು ಬಾರ್ ತಡೆಯುತ್ತದೆ ಎಂದು ಅದರ ಮೇಲೆ ಬರೆದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ನಿಜವಾದ ತೊಡಕು ಗೀಸರ್‌ನದ್ದು. ನಮ್ಮದು 15 ಲೀಟರ್. ಅದರೊಳಗೆ 60 ಡಿಗ್ರಿ ಕಾದ ನೀರು, ಚಳಿಗಾಲದಲ್ಲಿ ನಲ್ಲಿ ನೀರು 20 ಡಿಗ್ರಿ. ಮೈಗೆ ಹಿತವಾದ 40ಕ್ಕೆ ಬೆರೆಸಿದರೆ ಲೆಕ್ಕದಲ್ಲಿ 30 ಲೀಟರ್. ಆದರೆ ಬಿಸಿನೀರು ಹೊರಟಂತೆ ತಣ್ಣೀರು ಒಳಗೆ ಸೇರುತ್ತ ಹೋಗುವುದರಿಂದ ಅಷ್ಟು ಸಿಗುವುದಿಲ್ಲ. ಮೂರು ನಿಮಿಷಕ್ಕೆ ನೀರು ಉಗುರುಬೆಚ್ಚಗಾಗುತ್ತದೆ. ತಲೆಗೆ ಸೋಪು ಹಚ್ಚಿ ನಿಂತವರ ಗತಿ ನೀವೇ ಊಹಿಸಿ. ಸೋಪು ಹಚ್ಚುವಾಗ ನಿಲ್ಲಿಸುವುದು ನಮ್ಮಲ್ಲೀಗ ರೂಢಿ. ಅಮ್ಮ ಇವತ್ತಿಗೂ ಹಂಡೆ ಬಿಟ್ಟಿಲ್ಲ, ಅಡಿಕೆ ಸಿಪ್ಪೆಗೆ ಕರೆಂಟ್ ಬಿಲ್ ಬರುವುದಿಲ್ಲವಲ್ಲ! ಹೊಸದಾಗಿ ಕಟ್ಟಿಸುವವರು 25 ಲೀಟರ್‌ನದ್ದೇ ಹಾಕಿಸಿ.

ನಮ್ಮ ಬಾವಿ ನೀರಿಗೆ ಬಿಳಿ ಉಪ್ಪು ಕಟ್ಟುವುದಿಲ್ಲ, ಕಬ್ಬಿಣದಂಶದ ಕೆಂಪು ಕೂರುತ್ತದೆ. ತೂತುಗಳು ಸಿಲಿಕಾನ್‌ನವು, ಹೆಬ್ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ. ಮಳೆ ಶುರುವಾದ ಮೇಲೆ ನೀರು ಸಣ್ಣಗಾಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಜಾಲರಿಯಲ್ಲಿ ಕೆಂಪು ಕೆಸರು. ಹೊಳಪು ಇನ್ನೂ ಹಾಗೇ ಇದೆ.

ನಿಲ್ಲಿಸಿದ ಮೇಲೆ ಎರಡು ಮೂರು ನಿಮಿಷ ತೊಟ್ಟಿಕ್ಕಿದರೆ ಗಾಬರಿ ಬೇಡ, ಶವರ್‌ನೊಳಗೆ ಉಳಿದ ನೀರದು. ರಾತ್ರಿಯಿಡೀ ತೊಟ್ಟಿಕ್ಕಿದರೆ ನಲ್ಲಿಯೊಳಗೆ ನೀರು ತಡೆಯುವ ಕಾರ್ಟ್ರಿಜ್ ಹೋಗಿದೆ ಎಂದರ್ಥ. ನಮ್ಮದು ಐದನೇ ತಿಂಗಳಿಗೆ ಹೋಯಿತು. ವಾರಂಟಿಯಲ್ಲಿ ಬದಲಿಸಿಕೊಟ್ಟರು, ಆದರೆ ಬಿಡಿಭಾಗ ಶಿವಮೊಗ್ಗದಲ್ಲಿ ಇರಲಿಲ್ಲ, ಬೆಂಗಳೂರಿಂದ ತರಿಸಬೇಕಾಯಿತು. ಕೊಳ್ಳುವ ಮುಂಚೆ ಅಂಗಡಿಯವರನ್ನು ಇದೊಂದು ಕೇಳಿಬಿಡಿ.