ಮೊತ್ತದ ಸ್ಕೀಮೋ, ತೂಕದ ಸ್ಕೀಮೋ: ಎರಡು ಆಭರಣ ಮಳಿಗೆಗಳ ಕಂತಿನ ಲೆಕ್ಕ

ಮೈಸೂರಿನ ಎರಡು ಆಭರಣ ಮಳಿಗೆಗಳಲ್ಲಿ ಒಂದೇ ಅವಧಿಗೆ ತಿಂಗಳಿಗೆ ತಲಾ 5,000 ರೂಪಾಯಿಯಂತೆ ಹನ್ನೊಂದು ಕಂತು ಕಟ್ಟಿ, ಎರಡೂ ಕಡೆ ಒಡವೆ ಪಡೆದ ಅನುಭವದ ಮೇಲೆ ಈ ಹೋಲಿಕೆ ಬರೆಯುತ್ತಿದ್ದೇನೆ. ಮೊದಲನೆಯದು ಮೊತ್ತದ ಸ್ಕೀಮು: ಕಟ್ಟಿದ ಹಣ ರೂಪಾಯಿಯಾಗಿಯೇ ಉಳಿಯುತ್ತದೆ, ಕೊನೆಯಲ್ಲಿ ಮಳಿಗೆಯವರು ಒಂದು ಕಂತನ್ನು ಬೋನಸ್ ಆಗಿ ಸೇರಿಸುತ್ತಾರೆ. ಎರಡನೆಯದು ತೂಕದ ಸ್ಕೀಮು: ಪ್ರತಿ ಕಂತನ್ನೂ ಆ ದಿನದ 22 ಕ್ಯಾರೆಟ್ ದರದಲ್ಲಿ ಗ್ರಾಮಿಗೆ ಪರಿವರ್ತಿಸಿ ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ, ಒಡವೆ ಕೊಳ್ಳುವಾಗ ಶೇ. 18ರವರೆಗಿನ ವೇಸ್ಟೇಜ್ ಬಿಡುತ್ತಾರೆ.

ದುಂಡು ಸಂಖ್ಯೆಯಲ್ಲಿ ನೋಡೋಣ. ಗ್ರಾಮಿನ ದರ ಮೊದಲ ಕಂತಿನಂದು 9,000 ರೂಪಾಯಿಯಿದ್ದು, ತಿಂಗಳಿಗೆ ನೂರರಂತೆ ಏರಿ ಕೊನೆಯ ಕಂತಿಗೆ 10,000 ಆಯಿತೆನ್ನಿ. ಅದೇ ದರದಲ್ಲಿ ಶೇ. 14 ವೇಸ್ಟೇಜಿನ ಸರ ಕೊಂಡರೆ, ಮೊತ್ತದ ಸ್ಕೀಮಿನ 60,000 ರೂಪಾಯಿಗೆ ಸುಮಾರು 5.26 ಗ್ರಾಂ ಸಿಗುತ್ತದೆ. ತೂಕದ ಸ್ಕೀಮಿನಲ್ಲಿ ಸುಮಾರು 5.80 ಗ್ರಾಂ. (ಶೇ. 3ರ ಜಿಎಸ್‌ಟಿ ಎರಡಕ್ಕೂ ಪ್ರತ್ಯೇಕ.) ದರ 10,000ದಿಂದ 9,000ಕ್ಕೆ ಇಳಿದಿದ್ದರೆ ಮೊತ್ತದ ಸ್ಕೀಮಿಗೆ 5.85 ಗ್ರಾಂ ಬಂದು, ತೂಕದ್ದು 5.80ರಲ್ಲೇ ನಿಲ್ಲುತ್ತಿತ್ತು. ಅಂದರೆ ದರ ಏರಿದಾಗ ತೂಕದ ಸ್ಕೀಮಿನಲ್ಲಿ ಲಾಭ ಸ್ಪಷ್ಟ, ಇಳಿದಾಗ ನಷ್ಟ ತೀರಾ ಕಡಿಮೆ. ಆದರೆ ಆಂಟಿಕ್ ಒಡವೆಗೆ ವೇಸ್ಟೇಜ್ ಶೇ. 18 ದಾಟಿದರೆ ಹೆಚ್ಚುವರಿಯನ್ನು ಕೈಯಿಂದ ಕೊಡಬೇಕು. ನಾನು ಸೇರಿದ್ದ ತೂಕದ ಸ್ಕೀಮಿನಲ್ಲಿ ನಾಣ್ಯ ಕೊಳ್ಳಲು ಅವಕಾಶವೇ ಇರಲಿಲ್ಲ.

ಇಷ್ಟಾದರೂ ಮತ್ತೆ ಸೇರಿದ್ದು ಮೊತ್ತದ ಸ್ಕೀಮಿನ ಮಳಿಗೆಗೇ. ತೂಕದ ಸ್ಕೀಮಿನ ರಸೀದಿಯಲ್ಲಿದ್ದ ಸಂಸ್ಥೆಯ ಹೆಸರು ಒಡವೆಯ ಬಿಲ್ಲಿನಲ್ಲಿದ್ದ ಹೆಸರಾಗಿರಲಿಲ್ಲ. ಫಲಕ ಒಂದೇ, ಕೌಂಟರ್ ಒಂದೇ, ಆದರೆ ಕಂತು ಹೋಗುತ್ತಿದ್ದುದು ಬೇರೊಂದು ಪಾಲುದಾರಿಕೆ ಸಂಸ್ಥೆಗೆ. ನನಗೆ ಒಡವೆ ಸಿಕ್ಕಿತು, ನಿಜ. ಸಿಗದಿದ್ದರೆ ಷೋಕೇಸಿನ ಸರಕು ನನಗೆ ಹಣ ಕೊಡಬೇಕಾದವರದ್ದಲ್ಲ ಎಂಬ ವಾದ ಎದುರಾಗುತ್ತಿತ್ತು.

ಆದ್ದರಿಂದ ಮೊದಲ ಕಂತಿಗೂ ಮುನ್ನ ಒಂದು ಚಿಕ್ಕ ವಸ್ತು ಕೊಂಡು, ಆ ಬಿಲ್ಲಿನ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ಸ್ಕೀಮಿನ ಅರ್ಜಿಯೊಂದಿಗೆ ಹೋಲಿಸುವುದು ಒಳ್ಳೆಯದು. ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದ Search Taxpayer ಪುಟದಲ್ಲಿ ಹಾಕಿದರೆ, ರಿಟರ್ನ್ ಯಾವ ಯಾವ ದಿನ ಸಲ್ಲಿಕೆಯಾಗಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ನಿಯಮಿತವಾಗಿದ್ದ ಸಲ್ಲಿಕೆ ಇತ್ತೀಚಿನ ತಿಂಗಳುಗಳಲ್ಲಿ ನಿಂತಿದ್ದರೆ, ಕೈಯಲ್ಲಿ ಹಣ ಬಿಗಿಯಾಗಿರಬಹುದೆಂಬ ಮೊದಲ ಸುಳಿವು ಅದು.

ಎರಡನೆಯ ಪರೀಕ್ಷೆ ಅವಧಿಯದ್ದು. ಕಂಪನಿಗಳ ಠೇವಣಿ ಸ್ವೀಕಾರ ನಿಯಮಗಳು, 2014ರ ಪ್ರಕಾರ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿಗೆ ಹೊಂದಿಸಿದರೆ ಅದು ಠೇವಣಿಯಾಗುವುದಿಲ್ಲ. ದೊಡ್ಡ ಮಳಿಗೆಗಳ ಸ್ಕೀಮುಗಳು ಹನ್ನೊಂದು ತಿಂಗಳಿಗೆ ನಿಲ್ಲುವುದು ಈ ಕಾರಣಕ್ಕೇ. ಕಂಪನಿಯೊಂದು ಇಪ್ಪತ್ತನಾಲ್ಕು ತಿಂಗಳ ಸ್ಕೀಮು ಮುಂದಿಟ್ಟರೆ, ಅಥವಾ ಯಾವುದೇ ಮಳಿಗೆ ಅವಧಿ ಮುಗಿದಾಗ ಒಡವೆಯ ಬದಲು ಬಡ್ಡಿಸಹಿತ ನಗದು ಕೊಡುತ್ತೇವೆಂದರೆ, ಅವರು ವ್ಯಾಪಾರದ ಮುಂಗಡವನ್ನಲ್ಲ, ಸಾಲವನ್ನೇ ಎತ್ತುತ್ತಿದ್ದಾರೆಂದು ತಿಳಿಯಬೇಕು. ಅಂಥ ಠೇವಣಿಗೆ ಕಾನೂನಿನ ಅನುಮತಿಯಿದೆಯೇ ಎಂದು ಕೇಳಿ, ಬರಹದಲ್ಲಿ ಉತ್ತರ ಬಾರದಿದ್ದರೆ ಎದ್ದು ಬರಬೇಕು.

ಶಾಖೆಗಳ ಸಂಖ್ಯೆಯಾಗಲಿ ಜಾಹೀರಾತಾಗಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಮುಂಬೈ ಸುತ್ತಮುತ್ತ ಹಲವು ಮಳಿಗೆಗಳಿದ್ದ ಗುಡ್‌ವಿನ್ ಜ್ಯುವೆಲರ್ಸ್ 2019ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊತ್ತಿಗೇ, ಬಾಗಿಲು ಹಾಕಿತು; ಹಣ ಕಟ್ಟಿದ್ದವರು ಪೊಲೀಸ್ ಠಾಣೆಗೆ ಓಡಬೇಕಾಯಿತು. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆ ಈ ಕಂತುಗಳಿಗಿಲ್ಲ. ಮಳಿಗೆಯ ಸರಕು ಬ್ಯಾಂಕಿಗೆ ಅಡವಾಗಿದ್ದರೆ ನಮ್ಮ ಸರದಿ ಬ್ಯಾಂಕಿನ ನಂತರ ಬರುತ್ತದೆ. ಕಂಪನಿಯಾಗಿದ್ದರೆ ಆ ಅಡವಿನ ವಿವರ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ತಿಳಿದದ್ದು ಸ್ಕೀಮ್ ಕೌಂಟರಿನ ಪಕ್ಕ ಕುಳಿತಾಗ. ಮೊದಲ ಮಳಿಗೆಯಲ್ಲಿ ಅವಧಿ ಮುಗಿಸಿ ಬಂದ ದಂಪತಿ ಯಾವ ತಟ್ಟೆಯಿಂದ ಬೇಕಾದರೂ ಬಳೆ ಆರಿಸಿ, ಅಂದೇ ಬಿಲ್ ಮಾಡಿಸಿಕೊಂಡು ಹೋದರು. ಎರಡನೆಯ ಮಳಿಗೆಯಲ್ಲಿ ಸ್ಕೀಮಿನವರಿಗೆಂದೇ ಬೇರೆ ತಟ್ಟೆಗಳಿದ್ದವು. ಅದರಾಚೆಯದು ಕೇಳಿದವರಿಗೆ “ಆರ್ಡರ್ ಕೊಡಿ ಮೇಡಂ, ಹತ್ತು ದಿನದಲ್ಲಿ ಬರುತ್ತೆ” ಎನ್ನುತ್ತಿದ್ದರು. ಹತ್ತು ದಿನ ತಿಂಗಳಾಗುತ್ತಿದೆಯೆಂದು ಗೊತ್ತಾದರೆ ಉಳಿದ ಕಂತು ನಿಲ್ಲಿಸಿ, ಕಟ್ಟಿದ ಹಣಕ್ಕಾಗುವಷ್ಟು ಒಡವೆಯನ್ನು ಬೋನಸ್ ಬಿಟ್ಟಾದರೂ ತೆಗೆದುಕೊಳ್ಳುವುದು ಲೇಸು. ಬಿಲ್ ಕೈಗೆ ಬಂದು, ಒಡವೆಯ ಮೇಲಿನ ಆರು ಅಕ್ಷರಗಳ ಹಾಲ್‌ಮಾರ್ಕ್ ಸಂಖ್ಯೆಯನ್ನು ಬಿಐಎಸ್ ಕೇರ್ ಆಪ್‌ನಲ್ಲಿ ನೋಡುವವರೆಗೆ ಪಾಸ್‌ಬುಕ್ಕನ್ನು ಕೌಂಟರಿನಲ್ಲಿ ಬಿಟ್ಟುಕೊಡಬಾರದು.