ಕೇಬಲ್ ತಪ್ಪೋ, ಚಾರ್ಜರ್ ತಪ್ಪೋ? ಎರಡು ವರ್ಷ ಯುಎಸ್‌ಬಿ ಮೀಟರ್ ಬಳಸಿದ ಮೇಲೆ

ಅಮ್ಮನ ಫೋನಿನಿಂದ ಶುರುವಾದ ಕತೆ ಇದು. "ಮೂರು ಗಂಟೆ ಹಾಕಿದ್ರೂ ಅರ್ಧ ಏರಲ್ಲ ಕಣೋ, ಬ್ಯಾಟರಿ ಹೋಗಿರ್ಬೇಕು" ಅಂತ ಅಮ್ಮ ವಾರಕ್ಕೊಮ್ಮೆ ಹೇಳುತ್ತಿದ್ದರು. ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಒಂದು ಯುಎಸ್‌ಬಿ ಮೀಟರ್ ತರಿಸಿ ನೋಡೋಣ ಅನ್ನಿಸಿತು. ಹೆಬ್ಬೆರಳಿನಷ್ಟು ಉದ್ದದ ಸಾಧನ. ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ಪುಟ್ಟ ಪರದೆಯಲ್ಲಿ ವೋಲ್ಟ್, ಆಂಪ್ ಬರುತ್ತವೆ. ಎರಡನ್ನೂ ಗುಣಿಸಿದರೆ ವ್ಯಾಟ್, ಅದನ್ನೂ ಅದೇ ಲೆಕ್ಕ ಹಾಕಿ ತೋರಿಸುತ್ತದೆ.

ಆದರೆ ಮೊದಲ ಸಲ ನಾನು ತಪ್ಪು ಮೀಟರ್ ತರಿಸಿದೆ. ಅದು ಹಳೆಯ ಚಪ್ಪಟೆ ಎ ಪಿನ್ನಿನದು, ಚಾರ್ಜರ್ ಬದಿಗೆ ಮಾತ್ರ ಕೂರುತ್ತದೆ. ಅಮ್ಮನ ಫೋನ್ ಹಾಕಿದಾಗ ತೋರಿಸಿದ್ದು 5.08 ವೋಲ್ಟ್, 0.85 ಆಂಪ್. ವೋಲ್ಟೇಜ್ ಸರಿಯಾಗಿದೆ, ಚಾರ್ಜರ್ ಮೇಲೆ 2 ಆಂಪ್ ಅಂತ ಬರೆದಿದೆ, ಆದರೂ ಫೋನ್ ಎಳೆದುಕೊಳ್ಳುತ್ತಿಲ್ಲ. ಹಾಗಾದರೆ ಫೋನಿನದೇ ತಪ್ಪು ಅಂತ ತೀರ್ಮಾನಿಸಿಬಿಟ್ಟೆ. ಅಮ್ಮನ ಮಾತೇ ನಿಜ ಅಂದುಕೊಂಡು ಬ್ಯಾಟರಿ ಬದಲಿಸಲು ಎಷ್ಟಾಗುತ್ತೆ ಅಂತಲೂ ವಿಚಾರಿಸಿದ್ದೆ.

ಒಂದು ತಿಂಗಳಾದ ಮೇಲೆ ಟೈಪ್ ಸಿ ಮೀಟರ್ ತಂದೆ. ಇದನ್ನು ಕೇಬಲಿನ ಕೊನೆಗೆ, ಫೋನಿನ ಪಕ್ಕದಲ್ಲೇ ಸಿಕ್ಕಿಸಬಹುದು. ಹಳೆಯದನ್ನು ಚಾರ್ಜರ್ ಬದಿಗೆ ಬಿಟ್ಟು, ಹೊಸದನ್ನು ಫೋನ್ ಬದಿಗೆ ಹಾಕಿದೆ. ಚಾರ್ಜರ್ ಬದಿಯಲ್ಲಿ ಅದೇ 5.08 ವೋಲ್ಟ್. ಫೋನ್ ಬದಿಯಲ್ಲಿ 4.42! ನಡುವಿನ 0.66 ವೋಲ್ಟ್ ದಾರಿಯಲ್ಲೇ ಸೋರಿಹೋಗಿತ್ತು. ಅದನ್ನು 0.85 ಆಂಪಿನಿಂದ ಭಾಗಿಸಿದರೆ ಕೇಬಲಿನ ರೆಸಿಸ್ಟೆನ್ಸ್ ಸಿಗುತ್ತದೆ, ಹತ್ತಿರ ಹತ್ತಿರ 0.78 ಓಮ್.

ಇದು ಜಾಸ್ತಿಯೋ ಕಡಿಮೆಯೋ? ಕೇಬಲ್ ಎರಡು ಮೀಟರ್ ಉದ್ದದ್ದು. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ ತಂತಿಯ ಲೆಕ್ಕ ನಾಲ್ಕು ಮೀಟರ್. ಅಗ್ಗದ ಕೇಬಲುಗಳಲ್ಲಿ ಸಿಗುವ 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್, ನಾಲ್ಕು ಮೀಟರಿಗೆ 0.85 ಓಮ್ ಆಗುತ್ತದೆ. ಲೆಕ್ಕ ಹೊಂದಿಕೊಂಡಿತು. ಹೊರಗಡೆ ಬಟ್ಟೆ ಹೆಣೆದ, ಬೆರಳು ಗಾತ್ರದ ಚೆಂದದ ಕೇಬಲ್ ಅದು. ಒಳಗೆ ಮಾತ್ರ ಕೂದಲೆಳೆಯಂಥ ತಂತಿ.

ಫೋನ್ ಯಾಕೆ 0.85 ಆಂಪಿಗೇ ನಿಂತಿತು ಅನ್ನುವುದು ಆಗ ಅರ್ಥವಾಯಿತು. ಹೆಚ್ಚು ಎಳೆದಷ್ಟೂ ಕೇಬಲಿನಲ್ಲಿ ಹೆಚ್ಚು ವೋಲ್ಟ್ ಬೀಳುತ್ತದೆ. ತನ್ನ ಬಾಗಿಲಿಗೆ ಬರುವ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿಯುತ್ತಿದ್ದಂತೆ ಫೋನ್ ತಾನಾಗಿಯೇ ಕೈ ಹಿಡಿಯುತ್ತದೆ, ಇನ್ನು ಎಳೆಯುವುದಿಲ್ಲ. ಪರದೆಯಲ್ಲಿ ಚಾರ್ಜಿಂಗ್ ಅಂತಲೇ ಬರುತ್ತಿರುತ್ತದೆ. ಸೇರುತ್ತಿದ್ದದ್ದು 3.8 ವ್ಯಾಟಿಗೂ ಕಡಿಮೆ. ಅಮ್ಮ ಬೇರೆ ಚಾರ್ಜಿಗೆ ಹಾಕಿಕೊಂಡೇ ಧಾರಾವಾಹಿ ನೋಡುತ್ತಿದ್ದರು, ಬಂದದ್ದು ಅಲ್ಲಿಗೇ ಸರಿಹೋಗುತ್ತಿತ್ತು.

ಅದೇ ಚಾರ್ಜರಿಗೆ ಒಂದು ಮೀಟರಿನ ದಪ್ಪ ತಂತಿಯ ಕೇಬಲ್ ಹಾಕಿದೆ. ಚಾರ್ಜರ್ ಬದಿ 5.06, ಫೋನ್ ಬದಿ 4.85, ಕರೆಂಟ್ 1.85 ಆಂಪ್. ಸುಮಾರು 9 ವ್ಯಾಟ್. ಬ್ಯಾಟರಿ ಚೆನ್ನಾಗಿಯೇ ಇತ್ತು.

ಹೀಗೆ ನೋಡುವ ಮೊದಲು ಎರಡು ಮೀಟರುಗಳೂ ಒಂದೇ ಭಾಷೆ ಮಾತಾಡುತ್ತವೆಯೇ ಅಂತ ಪರೀಕ್ಷಿಸಿಕೊಳ್ಳಿ. ಫೋನ್ ಕಿತ್ತು, ಮೀಟರುಗಳನ್ನು ಮಾತ್ರ ಬಿಟ್ಟು ನೋಡಿ. ಕರೆಂಟ್ ಇಲ್ಲದಿದ್ದರೆ ಕೇಬಲಿನಲ್ಲಿ ವೋಲ್ಟ್ ಬೀಳಲ್ಲ, ಎರಡೂ ಒಂದೇ ಅಂಕಿ ತೋರಿಸಬೇಕು. ನನ್ನವುಗಳ ನಡುವೆ 0.02 ವೋಲ್ಟ್ ವ್ಯತ್ಯಾಸ ಇದೆ, ಈ ಕೆಲಸಕ್ಕೆ ಅಷ್ಟು ನಡೆಯುತ್ತೆ. ಒಂದೇ ಟೈಪ್ ಸಿ ಮೀಟರ್ ಇದ್ದು, ಚಾರ್ಜರ್, ಕೇಬಲ್ ಎರಡೂ ಟೈಪ್ ಸಿ ಆಗಿದ್ದರೆ, ಮೊದಲು ಆ ತುದಿ, ಆಮೇಲೆ ಈ ತುದಿ ಅಂತ ಬದಲಿಸಿ ನೋಡಬಹುದು. ಎರಡೂ ಸಲ ಕರೆಂಟ್ ಹೆಚ್ಚುಕಡಿಮೆ ಒಂದೇ ಇರಬೇಕು ಅಷ್ಟೇ.

ಚಾರ್ಜರ್ ಕೆಟ್ಟಿದ್ದರೆ ಕತೆ ಉಲ್ಟಾ. ಬಸ್ ನಿಲ್ದಾಣದ ಹತ್ತಿರ ಅವಸರದಲ್ಲಿ ಕೊಂಡ ಒಂದು ಚಾರ್ಜರ್ ಇತ್ತು, ಮೈಮೇಲೆ 2.4 ಆಂಪ್ ಅಂತ ಅಚ್ಚು. ಅದಕ್ಕೆ ಆ ಒಳ್ಳೆಯ ಕೇಬಲನ್ನೇ ಹಾಕಿ ನೋಡಿದೆ. ಫೋನ್ ಇಲ್ಲದಾಗ 5.12 ವೋಲ್ಟ್ ಇದ್ದದ್ದು, 1.1 ಆಂಪ್ ಎಳೆಯುವಷ್ಟರಲ್ಲಿ ಚಾರ್ಜರ್ ಬಾಯಲ್ಲೇ 4.6ಕ್ಕೆ ಕುಸಿಯಿತು. ಅಂದರೆ 12 ವ್ಯಾಟ್ ಅಂತ ಹೇಳಿಕೊಂಡದ್ದು ಕೊಟ್ಟಿದ್ದು 5. ಹತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿ. ಅದನ್ನು ಅವತ್ತೇ ಎಸೆದೆ. ವೋಲ್ಟೇಜ್ ಚಾರ್ಜರ್ ಬದಿಯಲ್ಲೇ ಬಿದ್ದರೆ ಚಾರ್ಜರ್, ಅಲ್ಲಿ ನಿಂತು ಫೋನ್ ಬದಿಯಲ್ಲಿ ಮಾತ್ರ ಬಿದ್ದರೆ ಕೇಬಲ್. ಬರೀ ವ್ಯಾಟ್ ಅಂಕಿ ನೋಡಿದರೆ ಇದು ಗೊತ್ತಾಗಲ್ಲ, ನಾನು ಒಂದು ತಿಂಗಳು ಎಡವಿದ್ದು ಇಲ್ಲೇ.

ಮೀಟರ್ ಮೋಸ ಮಾಡುವ ಸಂದರ್ಭಗಳೂ ಇವೆ. ಒಮ್ಮೆ ತಮ್ಮ ಬಂದು "ಅಣ್ಣಾ, ನನ್ನ 67 ವ್ಯಾಟ್ ಚಾರ್ಜರ್ ಡೂಪ್ಲಿಕೇಟ್ ಇರ್ಬೇಕು, ಹತ್ತು ದಾಟ್ತಿಲ್ಲ" ಅಂದ. ಮೀಟರ್ ಕಿತ್ತು ನೇರ ಹಾಕಿದರೆ ಫಾಸ್ಟ್ ಚಾರ್ಜಿಂಗ್ ಗುರುತು ತಕ್ಷಣ ಬಂತು. ಕೆಲವು ಕಂಪನಿಗಳ ಸ್ವಂತ ಫಾಸ್ಟ್ ಚಾರ್ಜಿಂಗ್‌ಗೆ ಚಾರ್ಜರ್, ಕೇಬಲ್, ಫೋನ್ ಮೂರೂ ತಮ್ಮತಮ್ಮಲ್ಲೇ ಗುಟ್ಟು ಮಾತಾಡಿಕೊಳ್ಳಬೇಕು. ನಡುವೆ ಮೀಟರ್ ಬಂದರೆ ಆ ಮಾತು ಕಡಿದುಹೋಗಿ ಸಾದಾ ಚಾರ್ಜಿಂಗ್‌ಗೆ ಇಳಿಯುತ್ತದೆ. ಅಂಥ ಫೋನ್ ಇದ್ದವರಿಗೆ ಈ ಮೀಟರ್ ಅರ್ಧ ಉಪಯೋಗ ಮಾತ್ರ. ಇನ್ನೊಂದು, ಬ್ಯಾಟರಿ 80 ದಾಟಿದ ಮೇಲೆ ಅಥವಾ ಬಿಸಿಲಲ್ಲಿ ಕಾದ ಫೋನಿಗೆ ಹಾಕಿ ಅಳೆಯಬೇಡಿ. ಆಗ ಫೋನೇ ಬೇಕಂತ ಕಡಿಮೆ ಎಳೆಯುತ್ತದೆ. ನಾನು 20ರಿಂದ 40ರ ನಡುವೆ, ಪರದೆ ಆರಿಸಿ, ಎರಡು ನಿಮಿಷ ಬಿಟ್ಟು ಓದುತ್ತೇನೆ.

ಕಳೆದ ವರ್ಷ ಒಳ್ಳೆಯ ಕೇಬಲೇ ಕೈಕೊಟ್ಟಿತು ಅನ್ನಿಸಿತ್ತು. ಫೋನ್ ನೇರ ಹಾಕಿದರೆ ಚಾರ್ಜ್ ನಿಧಾನ, ಚಾರ್ಜರ್ ಬದಿಯ ಮೀಟರಿನಲ್ಲಿ ಕರೆಂಟ್ ಏರಿಳಿತ. ಅದೇ ಕೇಬಲನ್ನು ಇನ್ನೊಂದು ಫೋನಿಗೆ ಹಾಕಿದರೆ ಅಂಕಿ ಅಲುಗಾಡದೆ ನಿಂತಿತು. ಮೊದಲ ಫೋನ್ ಆಫ್ ಮಾಡಿ ಅದರ ತೂತಿನಲ್ಲಿ ಮರದ ಹಲ್ಲುಕಡ್ಡಿ ಆಡಿಸಿದರೆ ಪ್ಯಾಂಟಿನ ಜೇಬಿನ ನೂಲು, ಒಂದು ಉಂಡೆ ಬಂತು.

ಮೀಟರ್ ಬಾಳಿಕೆ? ಟೈಪ್ ಸಿ ಮೀಟರಿನ ಹೆಣ್ಣು ಪಿನ್ ಸಡಿಲವಾಗಿದೆ. ಭಾರದ ಕೇಬಲ್ ಜೋತುಬಿದ್ದರೆ ಪರದೆ ಮಿಣುಕುತ್ತದೆ, ಹಾಗಾಗಿ ಮೇಜಿನ ಮೇಲೆ ಮಲಗಿಸಿ ಬಳಸುತ್ತೇನೆ. ಎರಡಕ್ಕೂ ಸೇರಿ ಸಾವಿರದ ಚಿಲ್ಲರೆ ಕೊಟ್ಟೆ. ಈಗ ಕೊಳ್ಳುವುದಾದರೆ ಟೈಪ್ ಸಿ ಒಂದನ್ನೇ ಕೊಳ್ಳಿ ಅಂತೀನಿ.

ಅಮ್ಮನ ಆ ಬಟ್ಟೆ ಹೆಣೆದ ಕೇಬಲನ್ನು ಎಸೆಯಲು ಅವರು ಬಿಡಲಿಲ್ಲ. ದೇವರ ಮನೆಯ ಎಲ್‌ಇಡಿ ದೀಪಕ್ಕೆ ಹಾಕಿಕೊಂಡಿದ್ದಾರೆ. ಅದು ಎಳೆಯುವುದು 0.2 ಆಂಪ್, ಬೀಳುವುದು 0.16 ವೋಲ್ಟ್. ಚೆನ್ನಾಗಿ ಉರಿಯುತ್ತಿದೆ.