ಪಹಣಿಯ ಒಂದು ಚುಕ್ಕೆಯಿಂದ ಹನ್ನೆರಡು ಗುಂಟೆ ತಕರಾರಿಗೆ ಬಿತ್ತು

ಜಮೀನು ಕೊಳ್ಳುವವರು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಿಕೊಳ್ಳಿ. ದಿನವಿಡೀ ಲೆಕ್ಕಪತ್ರ ಬರೆದೇ ಬದುಕುವ ನಾನು ಇಂಥ ತಪ್ಪು ಮಾಡಿದೆನೆಂದು ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುತ್ತದೆ.

ನಾನು ಕೊಂಡದ್ದು ಇಡೀ ಒಂದು ಸರ್ವೆ ನಂಬರು, ಒಂದು ಎಕರೆ ಇಪ್ಪತ್ತು ಗುಂಟೆ. ಕರಾರಿನಲ್ಲಿ ಗುಂಟೆಗೆ ಇಷ್ಟೆಂದು ದರ ಬರೆದು ಅರವತ್ತು ಗುಂಟೆಗೆ ಹಣ ಕೊಟ್ಟೆ. ಪಹಣಿಯಲ್ಲಿ ವಿಸ್ತೀರ್ಣವನ್ನು ನಡುವೆ ಚುಕ್ಕೆಯಿಟ್ಟು 1.20 ಎಂದು ತೋರಿಸುತ್ತಾರೆ. ಆ ಚುಕ್ಕೆಯ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ, ಅದು ದಶಮಾಂಶವಲ್ಲ. ಪತ್ರ ಬರಹಗಾರರು ಮಾತ್ರ ಅದನ್ನು 'ಒಂದು ಪಾಯಿಂಟ್ ಎರಡು ಎಕರೆ' ಎಂದು ಓದಿ, 4,046.86ರಿಂದ ಗುಣಿಸಿ, ಷೆಡ್ಯೂಲಿನಲ್ಲಿ '1.20 ಎಕರೆ, ಅಂದರೆ 4,856 ಚದರ ಮೀಟರ್, ಅಂದರೆ 52,272 ಚದರ ಅಡಿ' ಎಂದು ಬರೆದರು. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ 1,089 ಚದರ ಅಡಿ. ಹಾಗಾಗಿ ಅರವತ್ತು ಗುಂಟೆಗೆ 65,340 ಚದರ ಅಡಿ, ಸುಮಾರು 6,070 ಚದರ ಮೀಟರ್ ಬರಬೇಕಿತ್ತು. ಮೀಟರೂ ಅಡಿಯೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದುದರಿಂದಲೇ ನನಗೆ ಅನುಮಾನ ಬರಲಿಲ್ಲ. ಎರಡೂ ಒಂದೇ ತಪ್ಪಿನಿಂದ ಹುಟ್ಟಿದ್ದವು. ಕರಡು ನನ್ನ ಕೈಯಲ್ಲಿ ಎರಡು ದಿನ ಇತ್ತು. ಎರಡು ದಿನ!

ಬೇಲಿ ಹಾಕಲು ಗುಂಡಿ ತೋಡಿಸುತ್ತಿದ್ದಾಗ ಮಾರಿದವರು ಪತ್ರದ ನಕಲು ಹಿಡಿದು ಬಂದರು. ಆ ಸಾಲಿನ ಮೇಲೆ ಬೆರಳಿಟ್ಟು, "ನಾನು ಮಾರಿದ್ದು ಇಷ್ಟೇ ಸ್ವಾಮಿ, ಉಳಿದ ಹನ್ನೆರಡು ಗುಂಟೆ ನನ್ನದೇ. ನೀವೇ ಓದಿ ಸಹಿ ಹಾಕಿದ್ದೀರಲ್ಲ?" ಎಂದರು. ಅರವತ್ತು ಗುಂಟೆಯ ಹಣ ಎಣಿಸಿಕೊಂಡ ಅದೇ ಕೈ! ನಾನು ಅಲ್ಲೇ ನಿಂತು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ. 52,272ನ್ನು 1,089ರಿಂದ ಭಾಗಿಸಿದರೆ ಸರಿಯಾಗಿ ನಲವತ್ತೆಂಟು. ಪತ್ರ ಬರಹಗಾರರಿಗೆ ಫೋನ್ ಮಾಡಿದರೆ, "ಕಂಪ್ಯೂಟರ್ ಲೆಕ್ಕ ಸಾರ್, ಅದು ತಪ್ಪಾಗುವುದಿಲ್ಲ. ಕರಡು ನೋಡಿ ಓಕೆ ಅಂದಿದ್ದು ನೀವಲ್ಲವೇ?" ಎಂಬ ಉತ್ತರ ಬಂತು.

ಕ್ರಯಪತ್ರದಲ್ಲಿ ಒಟ್ಟು ಮೊತ್ತ ಮಾತ್ರ ಇದೆ, ಗುಂಟೆಯ ದರವಿಲ್ಲ. ಸದ್ಯಕ್ಕೆ ನನ್ನ ಬೆನ್ನಿಗಿರುವುದು ಆ ಹಳೆಯ ಕರಾರು ಮತ್ತು ಚಕ್ಕುಬಂದಿ. ನಾಲ್ಕು ದಿಕ್ಕಿಗೂ ಬೇರೆಯವರ ಜಮೀನೇ ಇರುವುದರಿಂದ, ಗಡಿ ಸ್ಪಷ್ಟವಿದ್ದಲ್ಲಿ ಸಾಮಾನ್ಯವಾಗಿ ಅಳತೆಗಿಂತ ಗಡಿಗೇ ಹೆಚ್ಚು ಬೆಲೆ ಎಂದು ವಕೀಲರು ಹೇಳಿದ್ದಾರೆ. ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿಯೂ ಬೇಕು, ಆ ಸಹಿಗೆ ಅವರು ಮತ್ತೆ ಹಣ ಕೇಳುತ್ತಿದ್ದಾರೆ. ಕೊಡದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ದಾವೆ ಹೂಡಬೇಕು.

ನೀವು ಷೆಡ್ಯೂಲಿನಲ್ಲಿ ವಿಸ್ತೀರ್ಣವನ್ನು 'ಒಂದು ಎಕರೆ ಇಪ್ಪತ್ತು ಗುಂಟೆ' ಎಂದು ಅಕ್ಷರದಲ್ಲೇ ಬರೆಸಿ. ಅಡಿ, ಮೀಟರ್ ಬರೆಯಲೇಬೇಕಾದರೆ ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿ, ಚದರ ಅಡಿಗೆ 1,089ರಿಂದಲೂ ಚದರ ಮೀಟರಿಗೆ 101.17ರಿಂದಲೂ ನಿಮ್ಮ ಕೈಯಾರೆ ಗುಣಿಸಿ ನೋಡಿ. ಬರಹಗಾರರು ಅವಸರ ಮಾಡಿದರೆ ಕಾಯಲಿ; ನನ್ನ ಬೇಲಿಯ ಕಲ್ಲುಗಳು ಅರ್ಧಕ್ಕೆ ನಿಂತು ಈಗ ಐದು ತಿಂಗಳಾಯಿತು.